ಚರ್ಚಿಸಿ, ಮೌಲ್ಯಮಾಪನ ಮಾಡಿ, ವಿಮರ್ಶಾತ್ಮಕವಾಗಿ ವಿಶ್ಲೇಷಿಸಿ: ಪ್ರಶ್ನೆ ಕೇಳುವುದೇನು, ಉತ್ತರ ಕೊಡುವುದು ಹೇಗೆ?

ಭೂ ಸುಧಾರಣೆ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ವಿಷಯ. 2013ರಲ್ಲಿ ವಿನೋಬಾ ಭಾವೆಯವರ ಭೂದಾನ, ಗ್ರಾಮದಾನ ಚಳವಳಿಗಳ ಉದ್ದೇಶ ಮತ್ತು ಯಶಸ್ಸನ್ನು ವಿಮರ್ಶಾತ್ಮಕವಾಗಿ ಚರ್ಚಿಸಿ ಎಂದು ಕೇಳಿದರು. 2016ರಲ್ಲಿ ಕೃಷಿ ಅಭಿವೃದ್ಧಿಯಲ್ಲಿ ಭೂ ಸುಧಾರಣೆಯ ಪಾತ್ರ ಚರ್ಚಿಸಿ, ಅದರ ಯಶಸ್ಸಿಗೆ ಕಾರಣವಾದ ಅಂಶಗಳನ್ನು ಗುರುತಿಸಿ ಎಂದರು. 2021ರಲ್ಲಿ, ದೇಶದ ಕೆಲವು ಭಾಗಗಳಲ್ಲಿ ಭೂ ಸುಧಾರಣೆಯಿಂದ ಸಣ್ಣ ಮತ್ತು ಅತಿಸಣ್ಣ ರೈತರ ಸ್ಥಿತಿ ಸುಧಾರಿಸಿದ್ದು ಹೇಗೆ ಎಂಬ ಪ್ರಶ್ನೆ ಬಂತು. 2023ರಲ್ಲಿ ಭೂ ಸುಧಾರಣೆಯ ಉದ್ದೇಶ ಮತ್ತು ಕ್ರಮಗಳನ್ನು ತಿಳಿಸಿ, ಹಿಡುವಳಿ ಮಿತಿಯ ನೀತಿಯನ್ನು ಆರ್ಥಿಕ ಮಾನದಂಡದ ಮೇಲೆ ಪರಿಣಾಮಕಾರಿ ಸುಧಾರಣೆ ಎಂದು ಹೇಗೆ ಪರಿಗಣಿಸಬಹುದು, ಚರ್ಚಿಸಿ ಎಂದು ಕೇಳಿದರು.

ಈ ನಾಲ್ಕಕ್ಕೂ ಓದಬೇಕಾದ ಪಾಠ ಹೆಚ್ಚುಕಡಿಮೆ ಒಂದೇ. ಆದರೆ ಒಂದಕ್ಕೆ ಬರೆದ ಉತ್ತರವನ್ನು ಇನ್ನೊಂದಕ್ಕೆ ಇಟ್ಟರೆ ಅಂಕ ಬರುವುದಿಲ್ಲ. ಅಭ್ಯರ್ಥಿಗಳ ಉತ್ತರ ತಿದ್ದುವಾಗ ನನಗೆ ಜಾಸ್ತಿ ಕಾಣುವ ದೋಷವೂ ಇದೇ. ವಿಷಯ ಗೊತ್ತಿರುತ್ತದೆ, ಬರವಣಿಗೆಯೂ ಚೆನ್ನಾಗಿರುತ್ತದೆ, ಆದರೆ ಪ್ರಶ್ನೆ ಹೇಳಿದ ಕೆಲಸ ಮಾತ್ರ ಆಗಿರುವುದಿಲ್ಲ. ‘ಚರ್ಚಿಸಿ’ ಎಂದರೂ ವಿವರಣೆ, ‘ಮೌಲ್ಯಮಾಪನ ಮಾಡಿ’ ಎಂದರೂ ಅದೇ ವಿವರಣೆ, ಕೊನೆಗೆ ‘ಮುಂದಿನ ದಾರಿ’ ಅಂತ ಎರಡು ಸಾಲು.

ಪ್ರಶ್ನೆಯಲ್ಲಿ ಏನು ಮಾಡಬೇಕೆಂದು ಹೇಳುವ ಪದವನ್ನು ಇಲ್ಲಿ ಸೂಚನಾ ಪದ ಎಂದು ಕರೆಯುತ್ತೇನೆ. ಕೋಚಿಂಗ್ ಸೆಂಟರ್‌ಗಳಲ್ಲಿ ಇದನ್ನೇ ಡೈರೆಕ್ಟಿವ್ ಅನ್ನುತ್ತಾರೆ. ಭೂ ಸುಧಾರಣೆಯನ್ನೇ ಉದಾಹರಣೆಯಾಗಿ ಹಿಡಿದು, ಪದ ಬದಲಾದಾಗ ಉತ್ತರ ಎಲ್ಲಿ ಬದಲಾಗಬೇಕು ಎಂದು ನೋಡೋಣ. ಕೆಎಎಸ್ ಬರೆಯುವವರಿಗೂ ಎಂ.ಎ. ಪರೀಕ್ಷೆ ಬರೆಯುವವರಿಗೂ ಇದೇ ಕ್ರಮ ಸಾಕು.

## ಹೆಜ್ಜೆ 1: ಪ್ರಶ್ನೆಯನ್ನು ಮೂರು ತುಂಡು ಮಾಡಿ

ಪೆನ್ಸಿಲ್ ಹಿಡಿದು ಪ್ರಶ್ನೆಯಲ್ಲಿ ಮೂರು ಗುರುತು ಹಾಕಿ. ಸೂಚನಾ ಪದಕ್ಕೆ ಸುತ್ತು. ವಿಷಯದ ಕೆಳಗೆ ಗೆರೆ. ವಿಷಯಕ್ಕೆ ಹಾಕಿರುವ ಬೇಲಿಗೆ, ಅಂದರೆ ಕಾಲ, ಜಾಗ, ಕೋನ ಹೇಳುವ ಪದಗಳಿಗೆ ಎರಡು ಗೆರೆ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಕರ್ನಾಟಕದ ಭೂ ಸುಧಾರಣೆಯನ್ನು’ ಎಂದು ಓದುವಷ್ಟರಲ್ಲೇ ಮನಸ್ಸು ದೇವರಾಜ ಅರಸು, ಕಾಗೋಡು ಎಂದು ಓಡಲು ಶುರು ಮಾಡುತ್ತದೆ. ಕೊನೆಯಲ್ಲಿರುವ ‘ಮೌಲ್ಯಮಾಪನ ಮಾಡಿ’ ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಹಾಗಾಗಿ ಮೊದಲ ಸುತ್ತನ್ನು ವಾಕ್ಯದ ಕೊನೆಗೆ ಹಾಕಿ, ಅಲ್ಲಿಂದ ಹಿಂದಕ್ಕೆ ಓದಿ.

ಯುಪಿಎಸ್‌ಸಿಯಲ್ಲಿ ಕನ್ನಡ ಮಾಧ್ಯಮದವರ ಕಷ್ಟ ಬೇರೆ. ಸಾಮಾನ್ಯ ಅಧ್ಯಯನದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಓದುವುದು ಇಂಗ್ಲಿಷ್, ಬರೆಯುವುದು ಕನ್ನಡ. ನಡುವೆ ಅನುವಾದ ನಮ್ಮ ತಲೆಯಲ್ಲೇ, ಅದೂ ಅವಸರದಲ್ಲಿ ಆಗಬೇಕು. ಆಗ ‘ಎಕ್ಸಾಮಿನ್’ ಎಂಬುದು ‘ವಿವರಿಸಿ’ ಆಗಿಬಿಡುತ್ತದೆ. ‘ಕ್ರಿಟಿಕಲಿ’ ಎಂಬುದು ‘ಟೀಕಿಸಿ’ ಆಗಿಬಿಡುತ್ತದೆ. ಪ್ರಶ್ನೆಯ ಪಕ್ಕದಲ್ಲೇ ಸೂಚನಾ ಪದದ ಕನ್ನಡ ರೂಪವನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಎರಡು ಸೆಕೆಂಡಿನ ಕೆಲಸ.

ಇನ್ನು ಬೇಲಿಯ ವಿಷಯ. 2021ರ ಪ್ರಶ್ನೆಯಲ್ಲಿ ‘ಕೆಲವು ಭಾಗಗಳಲ್ಲಿ’ ಮತ್ತು ‘ಸಣ್ಣ, ಅತಿಸಣ್ಣ ರೈತರು’ ಎಂಬ ಎರಡು ಬೇಲಿಗಳಿವೆ. ಸುಧಾರಣೆ ಎಲ್ಲಿ ನೆರವಾಯಿತೋ ಅಲ್ಲಿ ಹೇಗೆ ನೆರವಾಯಿತು ಎಂಬುದಷ್ಟೇ ಅಲ್ಲಿ ಬೇಕು. ಯಾವ ರಾಜ್ಯದಲ್ಲಿ ಯಾಕೆ ಸೋತಿತು ಎಂದು ಅರ್ಧ ಪುಟ ಬರೆದರೆ ಆ ಅರ್ಧ ಪುಟ ದಂಡ. 2023ರ ಪ್ರಶ್ನೆಯ ‘ಆರ್ಥಿಕ ಮಾನದಂಡದ ಮೇಲೆ’ ಎಂಬ ಬೇಲಿ ಇನ್ನೂ ಗಟ್ಟಿ. ಹಿಡುವಳಿ ಮಿತಿಯಿಂದ ಸಾಮಾಜಿಕ ನ್ಯಾಯ ಸಿಕ್ಕಿತು, ಜಮೀನ್ದಾರರ ದರ್ಪ ಇಳಿಯಿತು ಎಂಬುದೆಲ್ಲ ನಿಜವೇ ಇರಬಹುದು. ಆದರೆ ಇಲ್ಲಿ ಕೇಳಿದ್ದು ಇಳುವರಿ, ಆದಾಯ, ಬಂಡವಾಳ, ದುಡಿಮೆಯ ಬಳಕೆ.

## ಹೆಜ್ಜೆ 2: ಪದ ಯಾವ ಗುಂಪಿನದು ನೋಡಿ

ಸೂಚನಾ ಪದಗಳಿಗೆ ಎಲ್ಲ ಕಡೆ ನಡೆಯುವ ಒಂದೇ ಅರ್ಥಕೋಶ ಇಲ್ಲ. ಕೇಂಬ್ರಿಜ್ ಇಂಟರ್‌ನ್ಯಾಷನಲ್, ಐಬಿ ಮುಂತಾದ ಪರೀಕ್ಷಾ ಸಂಸ್ಥೆಗಳು ತಮ್ಮ ಪದಗಳ ಅರ್ಥವನ್ನು ಪಠ್ಯಕ್ರಮದಲ್ಲೇ ಅಚ್ಚು ಹಾಕುತ್ತವೆ. ಆ ಅರ್ಥಗಳಲ್ಲೂ ವ್ಯತ್ಯಾಸ ಇದೆ. ಕೇಂಬ್ರಿಜ್‌ನವರಿಗೆ ‘ಡಿಸ್ಕಸ್’ ಎಂದರೆ ವಿಷಯವನ್ನು ಆಳವಾಗಿ, ಒಂದು ಕ್ರಮದಲ್ಲಿ ಬರೆಯುವುದು. ಐಬಿಯವರಿಗೆ ಅದೇ ಪದ ಎಂದರೆ ಹಲವು ವಾದಗಳನ್ನು ಸಮತೂಕದಲ್ಲಿ ನೋಡಿ, ಆಧಾರ ಇಟ್ಟು ಅಭಿಪ್ರಾಯ ಹೇಳುವುದು. ಮಕ್ಕಳು ಇಂಥ ಬೋರ್ಡ್‌ಗಳಲ್ಲಿ ಓದುತ್ತಿದ್ದರೆ ಮೊದಲು ಆ ಪಟ್ಟಿ ತೆಗೆದು ನೋಡಿ, ಅದೇ ಅಂತಿಮ.

ಪಟ್ಟಿ ಕೈಯಲ್ಲಿಲ್ಲದ ಪರೀಕ್ಷೆಗಳಿಗೆ ಮೂರು ಗುಂಪು ಸಾಕು. ಹೇಳುವ ಪದಗಳು, ಬಿಡಿಸುವ ಪದಗಳು, ತೂಗುವ ಪದಗಳು.

ತಿಳಿಸಿ, ಗುರುತಿಸಿ, ವಿವರಿಸಿ, ಸ್ಪಷ್ಟಪಡಿಸಿ, ನಿರೂಪಿಸಿ, ಟಿಪ್ಪಣಿ ಬರೆಯಿರಿ ಇವೆಲ್ಲ ಹೇಳುವ ಗುಂಪು. ಇಲ್ಲಿ ನಿಮ್ಮ ತೀರ್ಪು ಯಾರಿಗೂ ಬೇಕಿಲ್ಲ. ‘ತಿಳಿಸಿ’, ‘ಗುರುತಿಸಿ’ ಎಂದರೆ ಅಂಶಕ್ಕೊಂದು ಸಾಲು. ‘ವಿವರಿಸಿ’, ‘ಸ್ಪಷ್ಟಪಡಿಸಿ’ ಎಂದರೆ ಅಂಶದ ಜೊತೆ ಕಾರಣ ಮತ್ತು ಉದಾಹರಣೆ. ‘ಹೇಗೆ’, ‘ಯಾಕೆ’ ಎಂದು ಕೇಳಿ ಸೂಚನಾ ಪದವೇ ಇಲ್ಲದಿದ್ದರೆ ಅದನ್ನೂ ಇಲ್ಲೇ ಸೇರಿಸಿ.

ವಿಶ್ಲೇಷಿಸಿ, ಪರಿಶೀಲಿಸಿ ಎಂಬವು ಬಿಡಿಸುವ ಗುಂಪು. ವಿಷಯವನ್ನು ಭಾಗ ಮಾಡಿ, ಭಾಗಗಳ ನಡುವಿನ ನಂಟು ತೋರಿಸಬೇಕು. ಮೌಲ್ಯಮಾಪನ ಮಾಡಿ, ಸಮರ್ಥಿಸಿ, ಅಭಿಪ್ರಾಯ ತಿಳಿಸಿ ಎಂಬವು ತೂಗುವ ಗುಂಪು. ತೀರ್ಪಿಲ್ಲದೆ ಇವು ಮುಗಿಯುವುದಿಲ್ಲ. ‘ಚರ್ಚಿಸಿ’ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಲ್ಲುತ್ತದೆ. ‘ವಿಮರ್ಶಾತ್ಮಕವಾಗಿ’ ಎಂಬುದು ಯಾವ ಪದದ ಮುಂದೆ ಬಂದರೂ ಅದನ್ನು ತೂಗುವ ಗುಂಪಿಗೆ ಎಳೆದು ತರುತ್ತದೆ.

ಪರಿಶೀಲಿಸುವುದಕ್ಕೂ ವಿಶ್ಲೇಷಿಸುವುದಕ್ಕೂ ಕೂದಲೆಳೆಯ ವ್ಯತ್ಯಾಸ ಏನು ಎಂದು ಟೆಲಿಗ್ರಾಂ ಗುಂಪುಗಳಲ್ಲಿ ದಿನಗಟ್ಟಲೆ ಜಗಳ ನಡೆಯುತ್ತದೆ. ಸುಮ್ನೆ ಕಾಲಹರಣ. ಪ್ರಶ್ನೆ ತೆಗೆಯುವವರೇ ಆ ಎರಡನ್ನೂ ಅಷ್ಟು ಬಿಗಿಯಾಗಿ ಬಳಸುವುದಿಲ್ಲ ಎಂದು ಹಳೆಯ ಪ್ರಶ್ನೆಪತ್ರಿಕೆ ನೋಡಿದರೆ ಗೊತ್ತಾಗುತ್ತದೆ. ಗುಂಪು ತಪ್ಪಿದರೆ ಅಂಕ ಹೋಗುತ್ತದೆ, ಗುಂಪಿನೊಳಗೆ ಪದ ಆಚೀಚೆ ಆದರೆ ಅಷ್ಟು ನಷ್ಟವಿಲ್ಲ.

## ಹೆಜ್ಜೆ 3: ಸರಕನ್ನು ಒಂದು ಕಡೆ ಇಟ್ಟುಕೊಳ್ಳಿ

ಈಗ ನಮ್ಮ ಉದಾಹರಣೆ: ಕರ್ನಾಟಕದ 1974ರ ಭೂ ಸುಧಾರಣೆ. ಮೂರೂ ಬಗೆಯ ಉತ್ತರಕ್ಕೆ ಇದಿಷ್ಟೇ ಸರಕು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. 1961ರಲ್ಲಿ ಭೂ ಸುಧಾರಣಾ ಕಾಯ್ದೆ ಬಂತು, ಜಾರಿಯಾದದ್ದು 1965ರಲ್ಲಿ. ಸ್ವಂತ ಬೇಸಾಯಕ್ಕೆ ಬೇಕು ಎಂದು ಹೇಳಿ ಒಡೆಯರು ಜಮೀನು ವಾಪಸ್ ಪಡೆಯಲು ಅದರಲ್ಲಿ ದಾರಿ ಇತ್ತು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ಫಾರಂ ನಂಬರ್ 7ರಲ್ಲಿ ಅರ್ಜಿ ಕೊಡಬೇಕಿತ್ತು. ದಕ್ಷಿಣ ಕನ್ನಡದ ಹಿರಿಯರು ಇದನ್ನು ಇವತ್ತಿಗೂ ‘ಡಿಕ್ಲರೇಶನ್ ಕೊಟ್ಟದ್ದು’ ಅನ್ನುತ್ತಾರೆ. ತೀರ್ಮಾನಕ್ಕೆ ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿಗಳಿದ್ದವು. ಮೊದಲಿಗೆ ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಸುಮಾರು 8 ಲಕ್ಷ ಅರ್ಜಿಗಳು ಬಂದವು, ಅರ್ಧಕ್ಕಿಂತ ಜಾಸ್ತಿ ಅರ್ಜಿಗಳಲ್ಲಿ ತೀರ್ಪು ಗೇಣಿದಾರನ ಪರ ಆಯಿತು. ಗೇಣಿ ಹೆಚ್ಚಾಗಿದ್ದ ಕರಾವಳಿ ಮತ್ತು ಮಲೆನಾಡಿನಲ್ಲಿ ಪರಿಣಾಮವೂ ಹೆಚ್ಚು. ಮಿತಿಗಿಂತ ಹೆಚ್ಚಿದ್ದ ಜಮೀನು ಹಂಚಿಕೆಯಾದದ್ದು ಕಡಿಮೆ. ಕೂಲಿಯವರಿಗೆ ಜಮೀನು ಸಿಕ್ಕಿದ್ದು ಇನ್ನೂ ಕಡಿಮೆ. ಹೊಸದಾಗಿ ಗೇಣಿಗೆ ಕೊಡುವುದು ನಿಷೇಧವಾದ ಮೇಲೂ ಬಾಯಿಮಾತಿನ ಗೇಣಿ ಉಳಿಯಿತು.

ಇಲ್ಲೇ ನಿಲ್ಲಿಸಿ, ಇದನ್ನೇ ಪ್ಯಾರಾ ಮಾಡಿ ಬರೆದರೆ ‘ವಿವರಿಸಿ’ ಎಂಬುದಕ್ಕೆ ಒಳ್ಳೆಯ ಉತ್ತರ. ಉಳಿದ ಮೂರಕ್ಕೆ ಇದು ಬರೀ ಕಚ್ಚಾ ಸಾಮಾನು.

## ಹೆಜ್ಜೆ 4: ‘ಚರ್ಚಿಸಿ’ ಬಂದರೆ

ಚರ್ಚೆಗೆ ಕನಿಷ್ಠ ಎರಡು ದನಿ ಬೇಕು. ಎರಡೂ ಒಂದೇ ವಿಷಯದ ಮೇಲೆ ಮಾತಾಡಬೇಕು. ತುಂಬಾ ಜನ ‘ಅನುಕೂಲಗಳು’ ಎಂದು ನಾಲ್ಕು, ‘ಅನಾನುಕೂಲಗಳು’ ಎಂದು ನಾಲ್ಕು ಅಂಶ ಬರೆದು ಚರ್ಚೆ ಮುಗಿಯಿತು ಅಂದುಕೊಳ್ಳುತ್ತಾರೆ. ಅಲ್ಲಿ ಮೊದಲ ಪಟ್ಟಿಗೂ ಎರಡನೆಯದಕ್ಕೂ ಮಾತೇ ಇಲ್ಲ. ಒಂದು ವಾದ ಬಂದಾಗ ಅದಕ್ಕೆ ಎದುರು ವಾದ ಅಲ್ಲೇ, ಅದೇ ಪ್ಯಾರಾದಲ್ಲಿ ಬರಲಿ.

ಯೋಜನೆ ಹೀಗೆ ಮಾಡಿ. ವಿಷಯದಲ್ಲಿ ಜನ ನಿಜವಾಗಿ ಜಗಳವಾಡುವ ಎರಡು ಅಥವಾ ಮೂರು ಜಾಗ ಹುಡುಕಿ. 1974ರ ಸುಧಾರಣೆಯಲ್ಲಿ ನನಗೆ ಕಾಣುವ ಜಾಗಗಳು ಎರಡು: ಯಾವ ಪ್ರದೇಶಕ್ಕೆ ಎಷ್ಟು ತಲುಪಿತು, ನ್ಯಾಯಮಂಡಳಿಯ ದಾರಿ ಸರಿಯಿತ್ತೇ. ಒಂದೊಂದಕ್ಕೂ ಒಂದು ಪ್ಯಾರಾ. ಎರಡನೆಯದು ಹೀಗೆ ಬರಬಹುದು:

> ಭೂ ನ್ಯಾಯಮಂಡಳಿಗಳಿಂದ ವಕೀಲರನ್ನು ದೂರ ಇಟ್ಟದ್ದು ಗೇಣಿದಾರನಿಗೆ ದೊಡ್ಡ ಬಲವಾಯಿತು. ಕೋರ್ಟಿಗೆ ಅಲೆಯುವ ಖರ್ಚು ಉಳಿಯಿತು, ಒಡೆಯನೂ ಒಕ್ಕಲೂ ಒಂದೇ ಮಟ್ಟದಲ್ಲಿ ನಿಂತು ಮಾತಾಡಿದರು. ಆದರೆ ದಾಖಲೆ ಕೈಯಲ್ಲಿಲ್ಲದ, ಕಾನೂನು ಗೊತ್ತಿಲ್ಲದ ಗೇಣಿದಾರನಿಗೆ ತನ್ನ ಪರ ವಾದಿಸುವವರೂ ಇಲ್ಲವಾದರು ಎಂಬ ಮಾತೂ ಇದೆ. ಈ ಕೊರತೆ ನಿಜವಾದರೂ, ಲಕ್ಷಾಂತರ ಅರ್ಜಿಗಳು ಸಿವಿಲ್ ಕೋರ್ಟುಗಳಿಗೆ ಹೋಗಿದ್ದರೆ ಇತ್ಯರ್ಥಕ್ಕೆ ತಲೆಮಾರುಗಳೇ ಬೇಕಾಗುತ್ತಿದ್ದವು. ಹಾಗಾಗಿ ವೇಗದ ದೃಷ್ಟಿಯಿಂದ ಈ ವ್ಯವಸ್ಥೆಯೇ ಹೆಚ್ಚು ಸೂಕ್ತವಾಗಿತ್ತು.

‘ಆದರೆ’ ಎಂಬಲ್ಲಿ ಎದುರು ದನಿ ಬಂತು. ‘ನಿಜವಾದರೂ’ ಎಂಬಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ‘ಹಾಗಾಗಿ’ ಎಂಬಲ್ಲಿ ಬರೆದವನು ಒಂದು ಕಡೆ ನಿಂತ. ಈ ಮೂರು ಕೀಲು ಇದ್ದರೆ ಅದು ಚರ್ಚೆ. ಕೊನೆಯ ಕೀಲು ಬಿಟ್ಟರೂ ‘ಚರ್ಚಿಸಿ’ಗೆ ಪಾಸಾಗಬಹುದು, ನಡುವಿನದು ಬಿಟ್ಟರೆ ಮಾತ್ರ ಪಟ್ಟಿ ಆಗುತ್ತದೆ.

2023ರ ಹಾಗೆ ‘ಹೇಗೆ ಪರಿಗಣಿಸಬಹುದು, ಚರ್ಚಿಸಿ’ ಎಂದಾಗ ಹುಷಾರು. ಅಲ್ಲಿ ಪ್ರಶ್ನೆಯೇ ಒಂದು ಕಡೆ ವಾಲಿದೆ. ಮುಕ್ಕಾಲು ಭಾಗ ಆ ಕಡೆಯ ವಾದ ಕಟ್ಟಿ, ಮಿತಿಗಳನ್ನು ಚಿಕ್ಕದಾಗಿ ಹೇಳಬೇಕು. ಪ್ರಶ್ನೆಯನ್ನೇ ತಿರುಗಿಸಿ ‘ಪರಿಣಾಮಕಾರಿಯಲ್ಲ’ ಎಂದು ಸಾಧಿಸಲು ಹೊರಟರೆ ಕೇಳಿದ್ದು ಬಿಟ್ಟು ಬೇರೇನೋ ಬರೆದಂತಾಗುತ್ತದೆ.

## ಹೆಜ್ಜೆ 5: ‘ಮೌಲ್ಯಮಾಪನ ಮಾಡಿ’ ಬಂದರೆ

ಇಲ್ಲಿ ಮೊದಲು ಬೇಕಾದದ್ದು ಅಳತೆಗೋಲು. ಯಶಸ್ಸು ಎಂದರೆ ಏನು ಎಂದು ಹೇಳದೆ ‘ಯಶಸ್ವಿಯಾಯಿತು’ ಎನ್ನುವುದಕ್ಕೆ ಬೆಲೆಯಿಲ್ಲ. ಅಳತೆಗೋಲನ್ನು ಪೀಠಿಕೆಯಲ್ಲೇ ಇಡಿ. ಒಂದಕ್ಕಿಂತ ಹೆಚ್ಚು, ಮೂರಕ್ಕಿಂತ ಕಡಿಮೆ ಇದ್ದರೆ 250 ಪದಗಳಿಗೆ ಸರಿಹೋಗುತ್ತದೆ.

ಅಳತೆಗೋಲು ಎಲ್ಲಿಂದ ತರುವುದು? ಅತಿ ಸುಲಭದ ಜಾಗ ಆ ಕಾನೂನು ಅಥವಾ ಯೋಜನೆ ತಾನೇ ಹೇಳಿಕೊಂಡ ಗುರಿ. 1974ರ ತಿದ್ದುಪಡಿಗೆ ಎರಡು ಗುರಿ ಇದ್ದವು. ಗೇಣಿ ತೆಗೆದು ಗೇಣಿದಾರನಿಗೆ ಒಡೆತನ ಕೊಡುವುದು ಒಂದು. ಹಿಡುವಳಿಗೆ ಮಿತಿ ಹಾಕಿ ಹೆಚ್ಚುವರಿ ಜಮೀನನ್ನು ಭೂಹೀನರಿಗೆ ಹಂಚುವುದು ಇನ್ನೊಂದು. ಈ ಎರಡನ್ನೇ ಹಿಡಿದು ಅಳೆಯಿರಿ, ಫಲಿತಾಂಶ ತಾನಾಗಿ ಎರಡಾಗಿ ಒಡೆಯುತ್ತದೆ.

> ಈ ಸುಧಾರಣೆಯನ್ನು ಅದೇ ಇಟ್ಟುಕೊಂಡ ಎರಡು ಗುರಿಗಳಿಂದ ಅಳೆಯಬಹುದು. ಗೇಣಿ ರದ್ದತಿಯಲ್ಲಿ ಇದು ದೇಶದ ಒಳ್ಳೆಯ ಉದಾಹರಣೆಗಳಲ್ಲಿ ಒಂದು. ಸುಮಾರು 8 ಲಕ್ಷ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರ ತೀರ್ಮಾನವಾದವು, ಕರಾವಳಿ ಮತ್ತು ಮಲೆನಾಡಿನಲ್ಲಿ ಒಡೆತನದ ಚಿತ್ರವೇ ಬದಲಾಯಿತು. ಹಿಡುವಳಿ ಮಿತಿಯಲ್ಲಿ ಸಾಧನೆ ದುರ್ಬಲ. ಮಿತಿ ಜಮೀನಿನ ಗುಣಕ್ಕೆ ತಕ್ಕಂತೆ 10 ಎಕರೆಯಿಂದ 54 ಎಕರೆಯವರೆಗೆ ಇತ್ತು, ಹೆಚ್ಚುವರಿಯಾಗಿ ಹಂಚಿಕೆಗೆ ಬಂದ ಭೂಮಿ ಅಲ್ಪ. ಆದ್ದರಿಂದ ಇದನ್ನು ಯಶಸ್ವಿ ಗೇಣಿ ಸುಧಾರಣೆ ಎನ್ನಬಹುದು, ಯಶಸ್ವಿ ಭೂ ಹಂಚಿಕೆ ಎನ್ನಲಾಗದು.

ಕೊನೆಯ ವಾಕ್ಯ ನೋಡಿ. ಅದು ತೀರ್ಪು. ‘ಕೆಲವು ಯಶಸ್ಸು, ಕೆಲವು ವೈಫಲ್ಯ ಕಂಡಿದೆ’ ಎಂದು ಬರೆದಿದ್ದರೆ? ಅದು ಯಾವ ಯೋಜನೆಗೆ ಬೇಕಾದರೂ ಅಂಟುತ್ತದೆ, ಅಲ್ವಾ? ನಿಮ್ಮ ತೀರ್ಪಿನ ಸಾಲನ್ನು ಹೊರಗೆ ತೆಗೆದು ಬೇರೆ ಉತ್ತರದ ಕೊನೆಗೆ ಅಂಟಿಸಿ ನೋಡಿ. ಅಲ್ಲೂ ಹೊಂದಿಕೊಂಡರೆ ಅದು ತೀರ್ಪಲ್ಲ, ಜಾರಿಕೊಂಡದ್ದು.

ಜಾಗ ಉಳಿದರೆ ಹೋಲಿಕೆಯನ್ನೂ ಅಳತೆಗೋಲು ಮಾಡಿಕೊಳ್ಳಬಹುದು. ಕೇರಳದಲ್ಲಿ ಗೇಣಿ ರದ್ದಾದದ್ದು 1970ರ ಜನವರಿ 1ರಿಂದ. ಅದರ ಪಕ್ಕಕ್ಕೆ ಕರ್ನಾಟಕವನ್ನು ಇಟ್ಟು ಒಂದು ಸಾಲು ಬರೆದರೆ ತೂಕ ಬರುತ್ತದೆ. ಒಂದೇ ಸಾಲು ಸಾಕು, ಕೇರಳದ ಕಥೆ ಶುರು ಮಾಡಬೇಡಿ.

## ಹೆಜ್ಜೆ 6: ‘ವಿಮರ್ಶಾತ್ಮಕವಾಗಿ ವಿಶ್ಲೇಷಿಸಿ’ ಬಂದರೆ

ಜನ ಅತಿ ಹೆಚ್ಚು ಎಡವುವುದು ಇಲ್ಲಿ. ‘ವಿಮರ್ಶಾತ್ಮಕ’ ಎಂದ ಕೂಡಲೇ ದೋಷಗಳ ಪಟ್ಟಿ ಬೆಳೆಯುತ್ತದೆ: ಭ್ರಷ್ಟಾಚಾರ, ರಾಜಕೀಯ ಇಚ್ಛಾಶಕ್ತಿಯ ಕೊರತೆ, ಅಧಿಕಾರಿಗಳ ನಿರ್ಲಕ್ಷ್ಯ. ಬೈಯುವುದು ವಿಮರ್ಶೆಯಲ್ಲ. ಇಲ್ಲಿ ಮಾಡಬೇಕಾದ ಕೆಲಸ ಎರಡು. ಮೊದಲು ಬಿಡಿಸುವುದು, ಆಮೇಲೆ ಬಿಡಿಸಿದ ಭಾಗಗಳು ಗಟ್ಟಿಯಾಗಿವೆಯೇ ಎಂದು ಒಂದೊಂದಾಗಿ ತಟ್ಟಿ ನೋಡುವುದು.

ಪ್ರಶ್ನೆ ಹೀಗಿದೆ ಎಂದುಕೊಳ್ಳಿ: “1974ರ ಭೂ ಸುಧಾರಣೆಯಿಂದ ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯನಾದ. ವಿಮರ್ಶಾತ್ಮಕವಾಗಿ ವಿಶ್ಲೇಷಿಸಿ.”

ಮೊದಲು ಹೇಳಿಕೆಯನ್ನು ಬಿಡಿಸಿ. ಇದರಲ್ಲಿ ಮೂರು ಮಾತು ಅಡಗಿವೆ. ಉಳುವವನು ಯಾರು ಎಂಬುದು ಸ್ಪಷ್ಟವಿದೆ. ಅವನು ಒಡೆಯನಾದ. ಇದು ಕರ್ನಾಟಕದ ತುಂಬ ಆಯಿತು. ಹೇಳಿಕೆಯನ್ನು ಒಟ್ಟಾಗಿ ಹಿಡಿದು ‘ನಿಜ’ ಅಥವಾ ‘ಸುಳ್ಳು’ ಎನ್ನಲು ಹೋದರೆ ವಿಶ್ಲೇಷಣೆಗೆ ಜಾಗವೇ ಇಲ್ಲ. ಮೂರಾಗಿ ಒಡೆದ ಮೇಲೆ ಒಂದೊಂದಕ್ಕೂ ಬೇರೆ ಉತ್ತರ ಸಿಗುತ್ತದೆ.

ಮೊದಲ ಮಾತಿನಲ್ಲೇ ಬಿರುಕು ಇದೆ. ಕಾಯ್ದೆಯ ಕಣ್ಣಿನಲ್ಲಿ ಸ್ವಂತ ಬೇಸಾಯ ಎಂದರೆ ತಾನೇ ನೇಗಿಲು ಹಿಡಿಯುವುದು ಮಾತ್ರ ಅಲ್ಲ. ತನ್ನ ಮೇಲ್ವಿಚಾರಣೆಯಲ್ಲಿ ಕೂಲಿ ಕೊಟ್ಟು ಮಾಡಿಸುವುದೂ ಅದರೊಳಗೆ ಸೇರುತ್ತದೆ. ಹಾಗಾಗಿ ಕೂಲಿಯಾಳುಗಳಿಂದ ಗದ್ದೆ ಮಾಡಿಸುತ್ತಿದ್ದ ಗೇಣಿದಾರ ‘ಉಳುವವನು’ ಆದ. ಅವನ ಗದ್ದೆಯಲ್ಲಿ ನಿಜವಾಗಿ ಉತ್ತವನು, ಹಲವು ಕಡೆ ದಲಿತ ಕೂಲಿಕಾರ, ಕಾನೂನಿನ ಲೆಕ್ಕಕ್ಕೆ ಬರಲಿಲ್ಲ. ಅವನ ಹೆಸರಿನಲ್ಲಿ ಗೇಣಿಯೇ ಇರಲಿಲ್ಲವಲ್ಲ, ಫಾರಂ 7 ಕೊಡುವುದು ಹೇಗೆ? ಇಲ್ಲಿ ಅಧಿಕಾರಿಯ ಲಂಚವೂ ಇಲ್ಲ, ನಿರ್ಲಕ್ಷ್ಯವೂ ಇಲ್ಲ. ಜಾರಿಯಲ್ಲಿ ಅಲ್ಲ, ಕಾನೂನಿನ ವ್ಯಾಖ್ಯೆಯಲ್ಲೇ ಅವನು ಹೊರಗುಳಿದ. ಈ ಒಂದು ಅಂಶ ಹತ್ತು ಸಾಲಿನ ದೋಷಪಟ್ಟಿಗಿಂತ ತೂಕದ್ದು. ಯಾಕೆಂದರೆ ಇದು ಹೇಳಿಕೆಯ ಬುಡವನ್ನೇ ಪರೀಕ್ಷಿಸುತ್ತದೆ.

ಎರಡನೆಯ ಮಾತು, ಒಡೆಯನಾದ ಎಂಬುದು. ಅರ್ಜಿ ಗೆದ್ದವನ ಮಟ್ಟಿಗೆ ಇದು ನಿಜ. ಇದನ್ನು ಧಾರಾಳವಾಗಿ ಒಪ್ಪಿಕೊಳ್ಳಿ, ವಿಮರ್ಶೆಯಲ್ಲಿ ಒಪ್ಪುವುದೂ ಒಂದು ಭಾಗ. ಆಮೇಲೆ ಕೇಳಿ: ಗೇಣಿ ನಿಷೇಧವಾದ ಮೇಲೆ ಬೇರೆಯವರ ಜಮೀನು ಮಾಡುವವನ ಗತಿ ಏನು? ಬಾಯಿಮಾತಿನ ಗೇಣಿಗೆ ಕಾಗದ ಇಲ್ಲ. ಕಾಗದ ಇಲ್ಲದವನಿಗೆ ಬ್ಯಾಂಕಿನ ಬೆಳೆ ಸಾಲ ಸಿಗುವುದು ಕಷ್ಟ, ಬೆಳೆ ಹೋದಾಗ ಪರಿಹಾರ ಪಹಣಿಯಲ್ಲಿ ಹೆಸರಿದ್ದವನಿಗೆ ಹೋಗುತ್ತದೆ. ಪಶ್ಚಿಮ ಬಂಗಾಳ 1978ರಲ್ಲಿ ಆಪರೇಷನ್ ಬರ್ಗಾ ಶುರು ಮಾಡಿದಾಗ ಬೇರೆ ದಾರಿ ಹಿಡಿಯಿತು. ಪಾಲಿಗೆ ಮಾಡುವುದನ್ನು ನಿಷೇಧಿಸಲಿಲ್ಲ, ಪಾಲು ಮಾಡುವವನ ಹೆಸರನ್ನು ದಾಖಲೆಗೆ ಸೇರಿಸಿತು. ಎದುರಿಗೆ ಇನ್ನೊಂದು ದಾರಿ ಇತ್ತು ಎಂದು ತೋರಿಸಿದಾಗ, ಕರ್ನಾಟಕದ ದಾರಿಯ ಲಾಭ ನಷ್ಟ ಎರಡೂ ಬೆಳಕಿಗೆ ಬರುತ್ತವೆ.

ಮೂರನೆಯ ಮಾತು ಬೇಗ ಮುಗಿಯುತ್ತದೆ. ಗೇಣಿ ಹೆಚ್ಚಿದ್ದ ಕಡೆ ಬದಲಾವಣೆ ಹೆಚ್ಚು, ಸ್ವಂತ ಹಿಡುವಳಿಯೇ ಹೆಚ್ಚಿದ್ದ ಒಣಭೂಮಿಯ ಜಿಲ್ಲೆಗಳಲ್ಲಿ ಕಡಿಮೆ. ‘ಕರ್ನಾಟಕದಲ್ಲಿ’ ಎಂಬ ಪದವನ್ನು ‘ಕರಾವಳಿ, ಮಲೆನಾಡಿನಲ್ಲಿ’ ಎಂದು ತಿದ್ದಿದರೆ ಹೇಳಿಕೆ ಹೆಚ್ಚು ಸರಿಹೋಗುತ್ತದೆ.

ಇನ್ನು ಕೊನೆಯ ಸಾಲು. ಹೇಳಿಕೆಯನ್ನು ತಿದ್ದಿ ಮತ್ತೆ ಬರೆಯಿರಿ, ಅದೇ ಒಳ್ಳೆಯ ಮುಕ್ತಾಯ.

> ಹಾಗಾಗಿ 1974ರ ಸುಧಾರಣೆಯಿಂದ ಗೇಣಿದಾರ ಹೊಲದೊಡೆಯನಾದ ಎನ್ನುವುದು ಹೆಚ್ಚು ನಿಖರ. ಉಳುವವರಲ್ಲಿ ಗೇಣಿ ಹಿಡಿದವರಿಗೆ ಭೂಮಿ ಸಿಕ್ಕಿತು, ಕೂಲಿಗೆ ಉತ್ತವರು ಬಹುಪಾಲು ಕೂಲಿಕಾರರಾಗಿಯೇ ಉಳಿದರು.

2020ರಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದು ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ಮಾಡಿದ್ದನ್ನು ಇಲ್ಲಿ ತರಬೇಕೇ? ತುಂಬಾ ಜನ ತರುತ್ತಾರೆ, ಗೊತ್ತಿದೆ ಎಂದು ತೋರಿಸಲು. ಈ ಪ್ರಶ್ನೆಗೆ ಅದು ಬೇಡ. ಪ್ರಶ್ನೆ ಇರುವುದು 1974ರ ಸುಧಾರಣೆಯಿಂದ ಏನಾಯಿತು ಎಂಬುದರ ಮೇಲೆ. ‘ಇಂದಿನ ಪ್ರಸ್ತುತತೆ’ ಎಂಬ ಬೇಲಿ ಇದ್ದಾಗ ಮಾತ್ರ ಅದಕ್ಕೆ ಜಾಗ.

‘ವಿಮರ್ಶಾತ್ಮಕವಾಗಿ’ ಇಲ್ಲದೆ ಬರೀ ‘ವಿಶ್ಲೇಷಿಸಿ’ ಎಂದಿದ್ದರೆ? ಆಗ ತಟ್ಟಿ ನೋಡುವ ಕೆಲಸ ಬಹಳ ಮಟ್ಟಿಗೆ ಬಿಡಬಹುದು. ಕಾಯ್ದೆ, ನ್ಯಾಯಮಂಡಳಿ, ರಾಜಕೀಯ ಬೆಂಬಲ, ಪ್ರದೇಶದ ಗೇಣಿ ಪದ್ಧತಿ ಎಂದು ಭಾಗ ಮಾಡಿ, ಯಾವುದು ಯಾವುದಕ್ಕೆ ಕಾರಣವಾಯಿತು ಎಂದು ತೋರಿಸಿದರೆ ಸಾಕು.

## ಹೆಜ್ಜೆ 7: ಎರಡು ಸೂಚನೆ ಇದ್ದಾಗ ಜಾಗ ಹಂಚಿ

2016 ಮತ್ತು 2023ರ ಪ್ರಶ್ನೆಗಳಲ್ಲಿ ಎರಡೆರಡು ಸೂಚನಾ ಪದ ಇದ್ದವು. ‘ತಿಳಿಸಿ’ ಮತ್ತು ‘ಚರ್ಚಿಸಿ’ ಒಟ್ಟಿಗೆ ಬಂದಾಗ ಸುಲಭದ ‘ತಿಳಿಸಿ’ಯೇ ಪುಟ ನುಂಗಿಬಿಡುತ್ತದೆ. ಬರೆಯುವ ಮೊದಲೇ ಭಾಗ ಮಾಡಿಬಿಡಿ. ಯುಪಿಎಸ್‌ಸಿ ಸಾಮಾನ್ಯ ಅಧ್ಯಯನದಲ್ಲಿ 10 ಅಂಕಕ್ಕೆ 150 ಪದ, 15 ಅಂಕಕ್ಕೆ 250 ಪದ. 250ರಲ್ಲಿ ‘ತಿಳಿಸಿ’ಗೆ 80 ದಾಟಬಾರದು ಎಂಬುದು ನನ್ನ ಲೆಕ್ಕ. ಉಳಿದದ್ದು ಚರ್ಚೆಗೆ. 2013ರ ಪ್ರಶ್ನೆಯಲ್ಲಿ ಸೂಚನೆ ಒಂದೇ, ಆದರೆ ವಿಷಯ ಎರಡು: ಉದ್ದೇಶ ಮತ್ತು ಯಶಸ್ಸು. ಉದ್ದೇಶವನ್ನು ಸುಮ್ಮನೆ ಹೇಳಿ, ಯಶಸ್ಸನ್ನು ಮಾತ್ರ ವಿಮರ್ಶೆ ಮಾಡಿದರೆ ಅರ್ಧ ಕೆಲಸ. ದಾನದಿಂದಲೇ ಭೂಮಿಯ ಸಮಸ್ಯೆ ಬಗೆಹರಿಯುತ್ತದೆ ಎಂಬ ಉದ್ದೇಶವನ್ನೂ ತಟ್ಟಿ ನೋಡಬೇಕಿತ್ತು.

ಸಮಯದ ಲೆಕ್ಕವೂ ಇದೆ. 3 ಗಂಟೆಯಲ್ಲಿ 20 ಪ್ರಶ್ನೆ, ಹತ್ತು ಚಿಕ್ಕವು, ಹತ್ತು ದೊಡ್ಡವು. ಚಿಕ್ಕದಕ್ಕೆ 7 ನಿಮಿಷ, ದೊಡ್ಡದಕ್ಕೆ 11 ನಿಮಿಷ ಎಂದರೆ ಸರಿಯಾಗಿ 180 ನಿಮಿಷ. ಇದರಲ್ಲಿ ಗುರುತು ಹಾಕಿ ಯೋಚಿಸಲು ಚಿಕ್ಕದಕ್ಕೆ ಒಂದು, ದೊಡ್ಡದಕ್ಕೆ ಎರಡು ನಿಮಿಷ ಇಡಿ. ಮೇಲೆ ಬರೆದಷ್ಟು ಆಳಕ್ಕೆ ಆ ಹೊತ್ತಿನಲ್ಲಿ ಇಳಿಯಲು ಆಗುವುದಿಲ್ಲ, ನಿಜ. ಹಾಗಾಗಿ ಹೇಳಿಕೆಯ ಮೂರು ಮಾತುಗಳಲ್ಲಿ ಅತಿ ದುರ್ಬಲವಾದದ್ದನ್ನು ಆರಿಸಿ ಅದಕ್ಕೆ ಅರ್ಧ ಜಾಗ ಕೊಡಿ, ಉಳಿದೆರಡಕ್ಕೆ ಎರಡೆರಡು ಸಾಲು.

## ಹೆಜ್ಜೆ 8: ಪ್ರಶ್ನೆ ಮುಚ್ಚಿ ಉತ್ತರ ಓದಿಸಿ

ಅಭ್ಯಾಸದ ಹೊತ್ತಿನಲ್ಲಿ ಹೀಗೆ ಮಾಡಿ. ಉತ್ತರ ಬರೆದು ಮುಗಿಸಿ, ಪ್ರಶ್ನೆಯನ್ನು ಮಡಚಿ ಮುಚ್ಚಿ, ಜೊತೆಯಲ್ಲಿ ಓದುವ ಗೆಳೆಯರ ಕೈಗೆ ಕೊಡಿ. ಸೂಚನಾ ಪದ ಯಾವುದಿತ್ತು ಎಂದು ಉತ್ತರ ಓದಿಯೇ ಹೇಳಬೇಕು. ಪದವೇ ಬೇಡ, ಗುಂಪು ಸರಿಯಾಗಿ ಹೇಳಿದರೆ ಸಾಕು. ‘ವಿವರಿಸಿ ಅಂತ ಇತ್ತಾ?’ ಎಂದು ಅವರು ಕೇಳಿದರೆ, ಎಲ್ಲಿ ಕೈಕೊಟ್ಟಿತು ಎಂದು ಹುಡುಕುವುದು ಕಷ್ಟವಲ್ಲ. ಚರ್ಚೆಯಾದರೆ ‘ಆದರೆ’ ಮತ್ತು ‘ನಿಜವಾದರೂ’ ಹುಡುಕಿ. ಮೌಲ್ಯಮಾಪನವಾದರೆ ಮೊದಲ ಪ್ಯಾರಾದಲ್ಲಿ ಅಳತೆಗೋಲು ಇದೆಯೇ ನೋಡಿ. ವಿಮರ್ಶಾತ್ಮಕ ವಿಶ್ಲೇಷಣೆಯಾದರೆ ಹೇಳಿಕೆಯ ಯಾವ ಪದವನ್ನು ಪರೀಕ್ಷೆಗೆ ಒಡ್ಡಿದ್ದೀರಿ ಎಂದು ಬೆರಳಿಟ್ಟು ತೋರಿಸಿ. ತೋರಿಸಲು ಆಗದಿದ್ದರೆ ಪೂರ್ತಿ ಉತ್ತರ ಮತ್ತೆ ಬರೆಯಬೇಡಿ. ಸರಕು ಹಾಗೇ ಇರಲಿ, ಆ ಒಂದು ಪ್ಯಾರಾವನ್ನಷ್ಟೇ ಹೊಸದಾಗಿ ಬರೆದು ಮತ್ತೆ ಓದಿಸಿ.